212 ಡೌನ್‌ಲೋಡ್, 38 ಪ್ಲೇ: ಪಾಡ್‌ಕಾಸ್ಟ್ ಲೆಕ್ಕ ಬಿಡಿಸುವುದು ಹೇಗೆ?

ಶಿರಸಿಯಲ್ಲಿ ನಾನೂ ನನ್ನ ಗೆಳೆಯನೂ ತಾಳಮದ್ದಲೆ ಬಗ್ಗೆ ಒಂದು ಪಾಡ್‌ಕಾಸ್ಟ್ ನಡೆಸುತ್ತೇವೆ. ಹನ್ನೆರಡನೇ ಕಂತು ಹಾಕಿ ಒಂದು ವಾರವಾಗಿತ್ತು. ಅಡಿಕೆ ಮಂಡಿಯ ಪರಿಚಯದವರೊಬ್ಬರು ಜಾಹೀರಾತು ಕೊಡುವ ಮನಸ್ಸು ಮಾಡಿ, "ಎಷ್ಟು ಜನ ಕೇಳ್ತಾರೆ?" ಎಂದು ಕೇಳಿದರು. ಆಡಿಯೊ ಇಟ್ಟಿರುವ ಹೋಸ್ಟಿಂಗ್ ಜಾಗ 212 ಡೌನ್‌ಲೋಡ್ ಎನ್ನುತ್ತಿತ್ತು. ಆ್ಯಪಲ್ ಪಾಡ್‌ಕಾಸ್ಟ್ಸ್ 38 ಪ್ಲೇ ಎಂದಿತು. ಸ್ಪಾಟಿಫೈ 51 ಸ್ಟ್ರೀಮ್ ಎಂದಿತು. "ಎರಡೂ ಕೂಡಿದ್ರೆ 89. ಉಳಿದ 123 ಎಲ್ಲಿ ಹೋಯ್ತು ಮಾರಾಯ?" ಎಂದ ಗೆಳೆಯ.

ಎಲ್ಲೂ ಹೋಗಿಲ್ಲ. ಮೂವರೂ ಎಣಿಸುತ್ತಿರುವುದು ಬೇರೆ ಬೇರೆ ವಸ್ತು. ಅದನ್ನು ನೋಡಲು ಸರ್ವರಿನ ಲಾಗ್ ತೆರೆಯುವುದೇ ಒಳ್ಳೆಯ ದಾರಿ.

ಮೊದಲು ಲಾಗ್ ತೆಗೆಯಿರಿ

ಆ್ಯಪ್ ಒಂದು ಕಂತು ಬೇಕೆಂದು ಕೇಳಿದಾಗಲೆಲ್ಲ ಸರ್ವರ್ ಒಂದು ಸಾಲು ಬರೆದಿಡುತ್ತದೆ. ಯಾವ ಐಪಿ ವಿಳಾಸ ಕೇಳಿತು, ಎಷ್ಟು ಬೈಟ್ ಹೋಯಿತು, ಕೇಳಿದ ಆ್ಯಪ್ ತನ್ನ ಹೆಸರು ಏನೆಂದು ಹೇಳಿತು, ಇಷ್ಟು ಅದರಲ್ಲಿರುತ್ತದೆ. ನಿಮ್ಮದೇ ಸರ್ವರ್ ಇದ್ದರೆ, ಅಥವಾ ಹೋಸ್ಟ್ ಲಾಗ್ ಇಳಿಸಿಕೊಳ್ಳಲು ಬಿಟ್ಟರೆ, ಒಂದು ಕಂತಿನ ಸಾಲುಗಳನ್ನು ಹೀಗೆ ತೆಗೆಯಬಹುದು:

```
grep "ep12.mp3" access.log
```

ನಮ್ಮ ಲಾಗಿನ ಒಂದು ಬೆಳಗ್ಗೆಯ ಎಂಟು ಸಾಲು ಕೆಳಗಿವೆ. ಓದಲು ಸುಲಭವಾಗಲೆಂದು ಚಿಕ್ಕದು ಮಾಡಿದ್ದೇನೆ. ಐಪಿ ವಿಳಾಸಗಳನ್ನೂ ಬದಲಿಸಿದ್ದೇನೆ, ಕೇಳುಗರದ್ದನ್ನು ಬಯಲಿಗಿಡಬಾರದಲ್ವಾ.

```
1  06:02  192.0.2.9      HEAD 200        0  iTMS
2  06:12  203.0.113.7    GET  200 15860000  AntennaPod/3.4.0
3  07:40  198.51.100.21  GET  206        2  AppleCoreMedia
4  07:40  198.51.100.21  GET  206  4200000  AppleCoreMedia
5  07:58  198.51.100.21  GET  206 11660000  AppleCoreMedia
6  09:05  198.51.100.88  GET  206   610000  AppleCoreMedia
7  09:30  203.0.113.7    GET  200 15860000  AntennaPod/3.4.0
8  10:02  192.0.2.15     GET  200 15860000  python-requests/2.31.0
```

ಇದರಲ್ಲಿ ಎಷ್ಟು ಡೌನ್‌ಲೋಡ್ ಇವೆ? ಎಂಟು ಎಂದರೆ ತಪ್ಪು. ಹೆಚ್ಚಿನ ಹೋಸ್ಟ್‌ಗಳು ಐಎಬಿ ಟೆಕ್ ಲ್ಯಾಬ್ ಎಂಬ ಸಂಸ್ಥೆ ಬರೆದ ಅಳತೆ ನಿಯಮ ಪಾಲಿಸುತ್ತವೆ. ಆ ನಿಯಮ ಹಿಡಿದು ಸಾಲುಗಳನ್ನು ಜರಡಿ ಹಿಡಿಯೋಣ.

ಒಂದೊಂದೇ ಸಾಲು ಹೊಡೆಯುತ್ತಾ ಬನ್ನಿ

ಮೊದಲ ಸಾಲಿನಲ್ಲಿ `HEAD` ಇದೆ. ಫೈಲ್ ಇದೆಯೇ, ಎಷ್ಟು ದೊಡ್ಡದು ಎಂದು ಆ್ಯಪಲ್‌ನ ಯಂತ್ರ ಬಾಗಿಲಲ್ಲೇ ನಿಂತು ವಿಚಾರಿಸಿದ್ದು ಅದು. ಆಡಿಯೊ ಹೋಗಿಯೇ ಇಲ್ಲ, ಹೊಡೆದುಹಾಕಿ. ಎಂಟನೆಯ ಸಾಲು ಪೂರ್ತಿ ಫೈಲ್ ಒಯ್ದಿದೆ ನಿಜ. ಆದರೆ ಕೇಳಿದ್ದು ಯಾರೋ ಬರೆದ ಒಂದು ಪ್ರೋಗ್ರಾಂ. ಇಂಥ ಹೆಸರುಗಳ ಪಟ್ಟಿಯೇ ಹೋಸ್ಟ್ ಬಳಿ ಇರುತ್ತದೆ. ಅದೂ ಹೋಯಿತು. ಮೂರನೆಯದರಲ್ಲಿ ಹೋಗಿರುವುದು ಬರೀ ಎರಡು ಬೈಟ್. ಆಡಿಯೊವನ್ನು ತುಂಡು ತುಂಡಾಗಿ ಕೊಡಲು ಸರ್ವರಿಗೆ ಬರುತ್ತದೆಯೇ ಎಂದು ಐಫೋನ್ ಮೊದಲು ಹೀಗೊಮ್ಮೆ ತಟ್ಟಿ ನೋಡುತ್ತದೆ. ಹಿಂದೆ ಇದನ್ನೂ ಒಂದು ಡೌನ್‌ಲೋಡ್ ಎಂದು ಎಣಿಸಿ ಬೀಗಿದವರು ಬಹಳ ಜನ.

ನಾಲ್ಕು ಮತ್ತು ಐದನೆಯ ಸಾಲು ನಮ್ಮೂರಿನ ಕತೆ. ಯಾರೋ ಬೆಳಗಿನ ಕುಮಟಾ ಬಸ್ಸಿನಲ್ಲಿ ಕಂತು ಹಾಕಿಕೊಂಡಿದ್ದಾರೆ ಅಂದುಕೊಳ್ಳಿ. ದೇವಿಮನೆ ಘಟ್ಟ ಬಂತು, ಸಿಗ್ನಲ್ ಹೋಯಿತು. 42 ಲಕ್ಷ ಬೈಟ್ ಬಂದು ನಿಂತಿತು. ಮತ್ತೆ ಸಿಗ್ನಲ್ ಸಿಕ್ಕಾಗ ಆ್ಯಪ್ ಬಿಟ್ಟಲ್ಲಿಂದ ಮುಂದಿನದನ್ನು ಕೇಳಿತು. ಎರಡನ್ನೂ ಕೂಡಿ ನೋಡಿ, ಸರಿಯಾಗಿ 1,58,60,000 ಆಗುತ್ತದೆ, ಅಂದರೆ ಇಡೀ ಫೈಲ್. `206` ಎಂದರೆ "ಒಂದು ತುಂಡು ಕೊಟ್ಟೆ" ಎಂದರ್ಥ. ಐಪಿಯೂ ಆ್ಯಪ್ ಹೆಸರೂ ಒಂದೇ ಆದ್ದರಿಂದ ತುಂಡುಗಳನ್ನು ಸೇರಿಸಿ ಒಂದು ಡೌನ್‌ಲೋಡ್ ಎಂದು ಬರೆಯಬೇಕು.

ಆದರೆ ಘಟ್ಟ ಇಳಿದ ಮೇಲೆ ಫೋನಿಗೆ ಬೇರೆ ಐಪಿ ಸಿಕ್ಕಿದ್ದರೆ? ಆಗ ಅದೇ ಮನುಷ್ಯ ಲೆಕ್ಕದಲ್ಲಿ ಇಬ್ಬರಾಗುತ್ತಾನೆ. ಮನೆಯ ವೈಫೈಯಲ್ಲಿ ಶುರುಮಾಡಿ ದಾರಿಯಲ್ಲಿ ಮೊಬೈಲ್ ಡೇಟಾದಲ್ಲಿ ಮುಂದುವರಿಸಿದರೂ ಹಾಗೇ. ಇದನ್ನು ತಡೆಯುವ ಉಪಾಯ ಸರ್ವರ್ ಬಳಿ ಇಲ್ಲ.

ಒಂದು ನಿಮಿಷ ಎಂದರೆ ಎಷ್ಟು ಬೈಟ್?

ಆರನೆಯ ಸಾಲಿಗೆ ಸ್ವಲ್ಪ ಲೆಕ್ಕ ಬೇಕು. ಕನಿಷ್ಠ ಒಂದು ನಿಮಿಷದ ಆಡಿಯೊ ಹೋಗಿರದಿದ್ದರೆ ಡೌನ್‌ಲೋಡ್ ಅಲ್ಲ ಎನ್ನುತ್ತದೆ ನಿಯಮ. ನಮ್ಮ ಕಂತು 32 ನಿಮಿಷದ್ದು, ಸೆಕೆಂಡಿಗೆ 64 ಕಿಲೋಬಿಟ್‌ನ ಎಂಪಿ3. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 8,000 ಬೈಟ್, ನಿಮಿಷಕ್ಕೆ 4,80,000. ಆರನೆಯ ಸಾಲಿನಲ್ಲಿ 6,10,000 ಹೋಗಿದೆ. ಪಾಸಾಯಿತು ಅನ್ನಿಸುತ್ತದೆ, ಅಲ್ವಾ?

ಇಲ್ಲ. ಎಂಪಿ3 ಫೈಲಿನ ತಲೆಯಲ್ಲಿ ಕಂತಿನ ಹೆಸರು, ಮುಖಚಿತ್ರ ಎಲ್ಲ ತುಂಬಿಟ್ಟ ಒಂದು ಗಂಟು ಇರುತ್ತದೆ. ಅದಕ್ಕೆ ಐಡಿ3 ಟ್ಯಾಗ್ ಎನ್ನುತ್ತಾರೆ. ನಮ್ಮ ಗೆಳೆಯ ವೇಷದ ಫೋಟೊ ಒಂದನ್ನು ದೊಡ್ಡದಾಗಿಯೇ ಹಾಕಿದ್ದರಿಂದ ಆ ಗಂಟೇ 5,00,000 ಬೈಟ್ ಇದೆ. ಅದನ್ನು ಕಳೆದರೆ ಆಡಿಯೊ ಉಳಿಯುವುದು 1,10,000 ಬೈಟ್, ಹದಿನಾಲ್ಕು ಸೆಕೆಂಡೂ ಇಲ್ಲ. ಭಾಗವತರ ಮೊದಲ ಪದ್ಯ ಮುಗಿಯುವುದರೊಳಗೆ ಎದ್ದು ಹೋದವರು ಅವರು. ಸಾಲು ಹೊಡೆದುಹಾಕಿ. ಟ್ಯಾಗನ್ನು ಕಳೆಯದೆ ಎಣಿಸುವ ಜಾಗದಲ್ಲಿ ಇದೇ ಸಾಲು ಒಂದು ಡೌನ್‌ಲೋಡ್ ಆಗಿಬಿಡುತ್ತದೆ. ಒಂದೇ ಲಾಗಿನಿಂದ ಎರಡು ಸಂಖ್ಯೆ ಹುಟ್ಟುವುದು ಹೀಗೆ.

ಫೀಡಿನ ಲಿಂಕಿಗೆ ಮುಂದೆ ಒಂದು ವಿಳಾಸ ಅಂಟಿಸಿ ಎಣಿಸುವ ಸೇವೆಗಳೂ ಇವೆ. ಉದಾಹರಣೆಗೆ ಒಪಿ3 ಎಂಬ ಮುಕ್ತ ಸೇವೆಯಲ್ಲಿ ಲಿಂಕ್ ಹೀಗಾಗುತ್ತದೆ:

```
https://op3.dev/e/example.com/ep12.mp3
```

ಇಂಥ ಸೇವೆ ಕೇಳುಗರನ್ನು ನಿಮ್ಮ ಸರ್ವರ್ ಕಡೆಗೆ ತಿರುಗಿಸಿ ಕಳಿಸುತ್ತದೆ ಅಷ್ಟೇ. ಫೈಲ್ ಬೇಕೆಂದು ಕೇಳಿದ್ದು ಅದಕ್ಕೆ ಗೊತ್ತು, ಎಷ್ಟು ಬೈಟ್ ಹೋಯಿತು ಎಂಬುದು ಗೊತ್ತಿಲ್ಲ. ಹಾಗಾಗಿ ನಮ್ಮ ಹದಿನಾಲ್ಕು ಸೆಕೆಂಡಿನವರನ್ನು ಅದು ಹಿಡಿಯಲಾರದು. ಅದರ ಸಂಖ್ಯೆ ಹೋಸ್ಟ್‌ಗಿಂತ ತುಸು ಜಾಸ್ತಿ ಬಂದರೆ ಗಾಬರಿ ಬೇಡ.

ಹಾಸ್ಟೆಲಿನ ಸಮಸ್ಯೆ

ಉಳಿದಿದ್ದು ಎರಡು ಮತ್ತು ಏಳನೆಯ ಸಾಲು. ಐಪಿ ಒಂದೇ, ಆ್ಯಪ್ ಒಂದೇ, ನಡುವೆ ಮೂರೂಕಾಲು ಗಂಟೆ. ಐಪಿ ಮತ್ತು ಆ್ಯಪ್ ಹೆಸರು ಎರಡೂ ಹೊಂದಿದರೆ 24 ಗಂಟೆಯೊಳಗೆ ಒಂದು ಕಂತಿಗೆ ಒಂದೇ ಡೌನ್‌ಲೋಡ್. ಆದ್ದರಿಂದ ಏಳನೆಯದೂ ಹೋಯಿತು. ಒಬ್ಬನೇ ಅಳಿಸಿ ಮತ್ತೆ ಇಳಿಸಿಕೊಂಡಿದ್ದರೆ ಇದು ಸರಿ.

ಆದರೆ ಅದು ಕಾಲೇಜು ಹಾಸ್ಟೆಲಿನ ವೈಫೈ ಆಗಿದ್ದರೆ? ಅಲ್ಲಿರುವ ಎಲ್ಲ ಫೋನುಗಳೂ ಹೊರಗೆ ಒಂದೇ ಐಪಿಯಾಗಿ ಕಾಣಬಹುದು. ಮೇಲಾಗಿ ಆಂಟೆನಾಪಾಡ್ ತನ್ನ ಹೆಸರು, ಆವೃತ್ತಿ ಬಿಟ್ಟರೆ ಯಾವ ಫೋನ್ ಎಂದೂ ಹೇಳುವುದಿಲ್ಲ. ಇಬ್ಬರು ಹುಡುಗರು ಇಳಿಸಿಕೊಂಡರೂ ಲೆಕ್ಕಕ್ಕೆ ಒಬ್ಬರೇ. ಸಾವಿರಾರು ಗ್ರಾಹಕರನ್ನು ಒಂದೇ ಐಪಿಯ ಹಿಂದೆ ಕೂರಿಸುವ ಮೊಬೈಲ್ ಜಾಲದಲ್ಲೂ ಇದೇ ಆಗುತ್ತದೆ. ಘಟ್ಟದಲ್ಲಿ ಒಬ್ಬ ಇಬ್ಬರಾದ, ಹಾಸ್ಟೆಲಿನಲ್ಲಿ ಇಬ್ಬರು ಒಬ್ಬರಾದರು.

ಎಂಟು ಸಾಲಿನಿಂದ ಉಳಿದಿದ್ದು ಎರಡು ಡೌನ್‌ಲೋಡ್.

ಈಗ ಆ್ಯಪ್‌ಗಳ ಕಡೆ

ಸರ್ವರಿಗೆ ಫೈಲ್ ಹೋದದ್ದು ಗೊತ್ತು, ಯಾರಾದರೂ ಕೇಳಿದರೇ ಎಂಬುದು ಗೊತ್ತಿಲ್ಲ. ಆ್ಯಪ್‌ಗೆ ಕೇಳಿದ್ದು ಗೊತ್ತು, ಆದರೆ ತನ್ನಲ್ಲಿ ಕೇಳಿದ್ದು ಮಾತ್ರ. ಅದಕ್ಕೇ ಒಟ್ಟು ಸಂಖ್ಯೆಗಳನ್ನು ಹೋಲಿಸಬೇಡಿ. ಹೋಸ್ಟ್‌ನಲ್ಲಿ ಆ್ಯಪ್‌ವಾರು ಪಟ್ಟಿ ತೆಗೆದು ಆಯಾ ಆ್ಯಪಿನ ಪಕ್ಕದಲ್ಲಿಟ್ಟು ನೋಡಿ. ನಮ್ಮ 212 ಹೀಗೆ ಒಡೆಯಿತು: ಆ್ಯಪಲ್ 61, ಸ್ಪಾಟಿಫೈ 58, ಬ್ರೌಸರ್ 27, ಆಂಟೆನಾಪಾಡ್ 22, ಉಳಿದವು 44. ಗೆಳೆಯ ಹುಡುಕುತ್ತಿದ್ದ 123ರಲ್ಲಿ 93 ಇಲ್ಲೇ ಸಿಕ್ಕಿದವು, ಕೊನೆಯ ಮೂರರಲ್ಲಿ. ಅವುಗಳ ಕೇಳಿಕೆಯ ವರದಿ ನಮಗೆ ಯಾರೂ ಕೊಡುವುದಿಲ್ಲ.

ಇನ್ನು ಆ್ಯಪಲ್: 61 ಇಳಿದವು, 38 ಪ್ಲೇ. ಒಂದು ಕ್ಷಣ ಓಡಿದರೂ ಆ್ಯಪಲ್‌ಗೆ ಅದು ಪ್ಲೇ. ಅಷ್ಟು ಸಡಿಲ ಇದ್ದೂ ಕಡಿಮೆ ಬರಲು ದೊಡ್ಡ ಕಾರಣ, ಚಂದಾದಾರರ ಫೋನಿಗೆ ಕಂತುಗಳು ತಾವಾಗಿಯೇ ಇಳಿದು ಸುಮ್ನೆ ಕುಳಿತಿರುವುದು. 2023ರ ಸೆಪ್ಟೆಂಬರಿನಲ್ಲಿ ಬಂದ ಐಒಎಸ್ 17ರಲ್ಲಿ ಆ್ಯಪಲ್ ಈ ತಾನಾಗಿ ಇಳಿಸುವುದನ್ನು ಬಿಗಿ ಮಾಡಿತು. ಆಗ ಜಗತ್ತಿನ ಎಷ್ಟೋ ಪಾಡ್‌ಕಾಸ್ಟ್‌ಗಳ ಡೌನ್‌ಲೋಡ್ ಕುಸಿಯಿತು. ಒಬ್ಬ ಕೇಳುಗನೂ ಬಿಟ್ಟುಹೋಗದೆ ಗ್ರಾಫ್ ಕೆಳಗಿಳಿಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸ್ಪಾಟಿಫೈನ ಸ್ಟ್ರೀಮ್ ಎಂದರೆ ಕನಿಷ್ಠ 60 ಸೆಕೆಂಡ್ ಕೇಳಿರಬೇಕು. ಅಲ್ಲಿ 58ಕ್ಕೆ 51 ಬಂದಿದೆ, ಹತ್ತಿರವೇ. ಯೂಟ್ಯೂಬ್ ಮಾತ್ರ ಪೂರಾ ಬೇರೆ. ನಿಮ್ಮ ಫೀಡ್ ಕೊಟ್ಟರೆ ಅದು ಆಡಿಯೊವನ್ನು ತನ್ನ ಸರ್ವರಿಗೆ ನಕಲು ಮಾಡಿಕೊಳ್ಳುತ್ತದೆ. ಅಲ್ಲಿ ಸಾವಿರ ಜನ ಕೇಳಿದರೂ ನಿಮ್ಮ ಲಾಗಿಗೆ ಒಂದು ಸಾಲೂ ಸೇರುವುದಿಲ್ಲ.

ಹೋಲಿಸುವಾಗ ದಿನದ ಲೆಕ್ಕ ಬೇಡ, ವಾರದ್ದು ನೋಡಿ. ಕೆಲವು ಹೋಸ್ಟ್‌ಗಳ ದಿನ ಯುಟಿಸಿ ಸಮಯದಲ್ಲಿ ಶುರುವಾಗುತ್ತದೆ, ಅಂದರೆ ನಮ್ಮ ಬೆಳಗಿನ 5:30ಕ್ಕೆ. ನಾವು ಐದು ಗಂಟೆಗೆ ಹಾಕಿದ ಕಂತಿನ ಮೊದಲ ಅರ್ಧ ಗಂಟೆ ಹಿಂದಿನ ದಿನದ ಖಾತೆಗೆ ಹೋಗಿತ್ತು. ಗೆಳೆಯ ಅದನ್ನು ನೋಡಿ ಕಂತು ಹಾಕುವ ಮೊದಲೇ ಕೇಳಿದ್ದಾರೆಂದು ದಂಗಾಗಿದ್ದ.

ಮಂಡಿಯವರಿಗೆ ಕೊನೆಗೆ ಚೀಟಿಯಲ್ಲಿ ಎರಡು ಸಾಲು ಬರೆದುಕೊಟ್ಟೆವು. ಏಳು ದಿನದಲ್ಲಿ ಐಎಬಿ ನಿಯಮದ ಪ್ರಕಾರ 212 ಡೌನ್‌ಲೋಡ್. ಆ್ಯಪಲ್‌ನಲ್ಲಿ ಕೇಳಿದವರ ಪೈಕಿ, ಒಂದೇ ಬೈಠಕ್ಕಿನಲ್ಲಿ 20 ನಿಮಿಷವೋ ಕಂತಿನ ಶೇ 40ರಷ್ಟೋ ದಾಟಿದವರು 24. ಅವರು ಚೀಟಿ ತಿರುಗಿಸಿ ನೋಡಿ, ತಮ್ಮ ಜಾಹೀರಾತು ಕಂತಿನ ಮೊದಲ ಹತ್ತು ನಿಮಿಷದೊಳಗೇ ಬರಲಿ ಎಂದರು.