ದಿಕ್ಕು ಸರಿಯಿದ್ದರೂ ನಷ್ಟವಾದದ್ದೇಕೆ: ನನ್ನ ಅನುಭವ

100ರಲ್ಲಿದ್ದ ಷೇರು ಕಂಪನಿಯ ಫಲಿತಾಂಶದ ನಂತರ ಏರುತ್ತದೆಂದು ಅಂದಾಜಿಸಿ, ಅವಧಿ ಮುಗಿಯಲು 20 ದಿನಗಳಿದ್ದ 100ರ ಕಾಲ್ ಆಪ್ಷನ್, ಅಂದರೆ ಷೇರನ್ನು 100ಕ್ಕೆ ಕೊಳ್ಳುವ ಹಕ್ಕನ್ನು, 5.6ಕ್ಕೆ ಕೊಂಡೆ. ಮರುದಿನ ಷೇರು 103ಕ್ಕೆ ಏರಿತು, ಆದರೆ ಆಪ್ಷನ್ 4.5ಕ್ಕೆ ಇಳಿದಿತ್ತು, ಕೊಳ್ಳುವವರು 4.2 ಮಾತ್ರ ಕೊಡುತ್ತಿದ್ದುದರಿಂದ ಹಾಕಿದ ಹಣದ ಕಾಲು ಭಾಗ ಹೋಯಿತು. ಫಲಿತಾಂಶದ ಅನಿಶ್ಚಿತತೆ ಕಳೆಯುತ್ತಲೇ ಆಪ್ಷನ್‌ನ ಬೆಲೆಯಾದ ಪ್ರೀಮಿಯಂನಲ್ಲಿ ಅಡಗಿದ್ದ ಏರಿಳಿತದ ನಿರೀಕ್ಷೆ, ಅಂದರೆ ಇಂಪ್ಲೈಡ್ ವೊಲಟಿಲಿಟಿ, ಶೇ. 60ರಿಂದ 30ಕ್ಕೆ ಕುಸಿದದ್ದೇ ಕಾರಣ.

ನನ್ನ ಪಟ್ಟಿಯಲ್ಲಿ ಅಲ್ಲಿಯವರೆಗೆ ಇದ್ದದ್ದು ದಿಕ್ಕಿನ ಪ್ರಶ್ನೆಯೊಂದೇ. ಈಗ ಅದರ ಕೆಳಗೆ, ವೊಲಟಿಲಿಟಿ ಏರುವುದೋ ಇಳಿಯುವುದೋ ಎಂಬ ನನ್ನ ಅಭಿಪ್ರಾಯವನ್ನೂ ಬರೆದುಕೊಳ್ಳುತ್ತೇನೆ. ಇಳಿಯುವುದೆಂದಾದರೆ ಬರಿಯ ಕಾಲ್ ಕೊಳ್ಳದೆ, ಜೊತೆಗೆ 110ರ ಕಾಲ್ ಅನ್ನು 2.1ಕ್ಕೆ ಮಾರುತ್ತೇನೆ. ಆಗ ನಿವ್ವಳ ವೆಚ್ಚ 3.5, ಗರಿಷ್ಠ ನಷ್ಟವೂ ಅಷ್ಟೇ. ಅಂದಿನ ಅದೇ ಚಲನೆಯಲ್ಲಿ ಮಾರಿದ ಕಾಲ್ ಸುಮಾರು 0.6ಕ್ಕೆ ಇಳಿದು, ಜೋಡಿಯ ಮೌಲ್ಯ 3.9 ಆಗುತ್ತಿತ್ತು. ಆದರೆ 110ರ ಮೇಲಿನ ಲಾಭವನ್ನು ಬಿಟ್ಟುಕೊಡಬೇಕು, ಮತ್ತು ಕೊಳ್ಳುವವರ ಹಾಗೂ ಮಾರುವವರ ಬೆಲೆಗಳ ನಡುವಿನ ಬಿಡ್-ಆಸ್ಕ್ ಅಂತರವನ್ನು ಎರಡು ಆಪ್ಷನ್‌ಗಳಲ್ಲೂ ತೆರಬೇಕಾದ್ದರಿಂದ ವಹಿವಾಟು ತೆಳುವಾಗಿದ್ದರೆ ಈ 0.4 ಅಲ್ಲಿಯೇ ಕರಗುತ್ತದೆ. ಅಂತಹ ಕಡೆ ನಾನು ಕೈಹಾಕುವುದಿಲ್ಲ.

ನಿರ್ಗಮನವನ್ನೂ ಮೊದಲೇ ಬರೆದಿಡುತ್ತೇನೆ: ಫಲಿತಾಂಶದ ಮರುದಿನ, ಲಾಭವಿರಲಿ ನಷ್ಟವಿರಲಿ, ಎರಡೂ ಆಪ್ಷನ್‌ಗಳನ್ನು ಒಂದೇ ಲಿಮಿಟ್ ಆರ್ಡರ್‌ನಲ್ಲಿ ಮುಚ್ಚುವುದು.