ಖಾಲಿ ಸೀಟಿಗೂ ಪ್ರಶ್ನೆಪತ್ರಿಕೆ ಇಡಿ: ಕೊಠಡಿ ಮೇಲ್ವಿಚಾರಕರಿಗೆ ನನ್ನ ಅನುಭವದ ಟಿಪ್ಪಣಿ

ತುಮಕೂರಿನ ನಮ್ಮ ಪಿಯು ಕಾಲೇಜಿನಲ್ಲಿ ಸಿಇಟಿ ಮಾದರಿ ಪರೀಕ್ಷೆಗೆ ಈ ಕ್ರಮ ತಂದಾಗ ‘ಬಾರದವರಿಗೂ ಪೇಪರ್ ಇಡೋದು ದಂಡ’ ಅಂದವರೇ ಹೆಚ್ಚು. ಈಗ ಅವರೇ ತಮ್ಮ ಕೊಠಡಿಗೆ ಕಟ್ಟು ಎಣಿಸಿಕೊಂಡು ಹೋಗುತ್ತಾರೆ.

ಕೊಠಡಿಗೆ 12 ಡೆಸ್ಕು, ಅಡ್ಡಕ್ಕೆ ಮೂರು, ಹಿಂದಕ್ಕೆ ನಾಲ್ಕು ಸಾಲು. ಡೆಸ್ಕಿಗೆ ಇಬ್ಬರಂತೆ 24 ಮಂದಿ. ಪ್ರಶ್ನೆಪತ್ರಿಕೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಷನ್. ಮುಂದಿನ ಸಾಲಿನ ಎಡ ತುದಿಯಿಂದ ಹಂಚುತ್ತಾ ಹೋದರೆ ಎ ಬಿ ಸಿ ಡಿ ಎ ಬಿ ಆಗುತ್ತದೆ. ಎರಡನೇ ಸಾಲಿಗೆ ಮತ್ತೆ ಎಡಕ್ಕೇ ಬಂದು ಸಿ ಡಿ ಎ ಬಿ ಸಿ ಡಿ. ಆಗ ಪಕ್ಕ, ಹಿಂದೆ, ಓರೆ, ಯಾವ ಕಡೆಯಿಂದಲೂ ಒಂದೇ ವರ್ಷನ್ ತಾಗುವುದಿಲ್ಲ. ನಡಿಗೆ ಉಳಿಸಲು ಎರಡನೇ ಸಾಲನ್ನು ಬಲಗಡೆಯಿಂದ ಶುರುಮಾಡಿದರೆ ಕೆಟ್ಟಿತು. ಮೊದಲ ಸಾಲಿನ ಎರಡನೆಯವನಿಗೂ ಅವನ ಹಿಂದಿನ ಸಾಲಿನ ಮೂರನೆಯವನಿಗೂ ಬಿ ಬೀಳುತ್ತದೆ. ಓರೆಗಣ್ಣಿಗೆ ಅದಕ್ಕಿಂತ ಸಲೀಸು ಜಾಗ ಬೇರೆ ಇಲ್ಲ.

ಇನ್ನೂ ದೊಡ್ಡ ಎಡವಟ್ಟು ಗೈರಿನವರದ್ದು. ಮೊದಲ ಸಾಲಿನಲ್ಲಿ 3 ಮತ್ತು 5ನೇ ಸೀಟು ಖಾಲಿ ಅಂದುಕೊಳ್ಳಿ. ಅವನ್ನು ಬಿಟ್ಟು ಮುಂದಿನವರಿಗೆ ಕೊಟ್ಟರೆ ಆ ಸಾಲು ಎ, ಬಿ, ಖಾಲಿ, ಸಿ, ಖಾಲಿ, ಡಿ. ಹಿಂದಿನ ಸಾಲು ಮತ್ತೆ ಎ ಬಿ ಎಂದೇ ಶುರುವಾಗುತ್ತದೆ. ಎ ಬೆನ್ನಿಗೆ ಎ, ಬಿ ಬೆನ್ನಿಗೆ ಬಿ. ನಾಲ್ಕು ವರ್ಷನ್ ಮಾಡಿಸಿದ ಜೆರಾಕ್ಸ್ ದುಡ್ಡು ನೀರಿಗೆ ಹೋಯಿತು. ಆದ್ದರಿಂದ ಖಾಲಿ ಸೀಟಿನ ಮೇಲೂ ಆ ಸೀಟಿನ ಪ್ರಶ್ನೆಪತ್ರಿಕೆ, ಅದರಡಿ ರಫ್ ಹಾಳೆ ಮಗುಚಿ ಇಡಿ. ಓಎಂಆರ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಮಧುಗಿರಿ, ಕೊರಟಗೆರೆ ಕಡೆಯ ಬಸ್ಸಿನ ಮಕ್ಕಳು ಹತ್ತು ಹದಿನೈದು ನಿಮಿಷ ತಡವಾಗುವುದು ಮಾಮೂಲು. ಬಾಗಿಲ ಹತ್ತಿರ ಬೇರೆ ಡೆಸ್ಕು ಹಾಕಿ ಕೂರಿಸಿ ನೋಡಿದೆವು. ಸದ್ದೇನೋ ಕಡಿಮೆಯಾಯಿತು, ಆದರೆ ವರ್ಷನ್ ಸರಪಳಿ ಕಡಿಯಿತು, ಹಾಜರಿ ಪಟ್ಟಿಯೂ ಸೀಟೂ ತಾಳೆಯಾಗಲಿಲ್ಲ. ಈಗ ಅವನ ಸೀಟಿಗೇ ಕಳಿಸುತ್ತೇವೆ. ಹಾಜರಿ ಸಹಿಯ ಪಕ್ಕ ಬಂದ ಸಮಯ ಬರೆಸಿ. 60 ಪ್ರಶ್ನೆಗೆ 80 ನಿಮಿಷ. ತಡವಾದವನಿಗೆ ಹೆಚ್ಚುವರಿ ಸಮಯ ಇಲ್ಲ. ಆದರೂ ಪತ್ರಿಕೆ ತೆರೆಯುವ ಮೊದಲು ನೋಂದಣಿ ಸಂಖ್ಯೆ, ವರ್ಷನ್ ವೃತ್ತ ತುಂಬಿಸಿಯೇ ಬಿಡಿ. ಏದುಸಿರು ಬಿಡುತ್ತಾ ಬಂದವನು ಪಕ್ಕದವನ ವರ್ಷನ್ ನೋಡಿ ತುಂಬಿದರೆ ಅಷ್ಟೂ ಉತ್ತರ ತಪ್ಪು ಕೀಗೆ ಹೋಗುತ್ತದೆ. ನಮ್ಮಲ್ಲಿ 30 ನಿಮಿಷಕ್ಕೆ ಗಡುವು. ಆಗ ಖಾಲಿ ಸೀಟಿನ ಕಾಗದವೆಲ್ಲ ಎತ್ತಿ, ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ‘ಗೈರು’ ಬರೆಯಿರಿ. ಎತ್ತದೆ ಬಿಟ್ಟರೆ ಆ ರಫ್ ಹಾಳೆ ಪಕ್ಕದವನ ಕೈ ಸೇರುತ್ತದೆ.

ರಫ್ ಹಾಳೆ ಎ4ನ ಅರ್ಧ, ಮೇಲ್ತುದಿಗೆ ಸೀಟು ಸಂಖ್ಯೆ. ಆರು ಕೊಠಡಿ, ನಾಲ್ಕು ವಿಷಯ, ಒಟ್ಟು 576 ಅರ್ಧ ಹಾಳೆ. ಒಂದು ರೀಮಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, 160 ರೂಪಾಯಿ ಆಸುಪಾಸು. ನಿನ್ನೆಯ ಹಾಳೆಯಲ್ಲಿ ಸೂತ್ರ ಬರೆದು ಇವತ್ತು ತರಬಾರದಲ್ಲ, ಅದಕ್ಕೆ ದಿನಕ್ಕೊಂದು ಬಣ್ಣದ ಹಾಳೆ ವಿಚಾರಿಸಿದೆವು. ಅಂಗಡಿಯವರು ಬಿಡಿ ಕೊಡಲೊಲ್ಲರು. ನಾಲ್ಕು ಬಣ್ಣಕ್ಕೆ ನಾಲ್ಕು ರೀಮು, ಸಾವಿರದ ಮೇಲೆ ಹೋಗುತ್ತದೆ. ರಬ್ಬರ್ ಸೀಲು ಹಾಕಿದರೆ ಮಸಿ ಹಿಂದಿನ ಹಾಳೆಗೆ ಅಂಟಿ ಗಬ್ಬೆದ್ದಿತು. ಕೊನೆಗೆ ಗಿಟ್ಟಿದ್ದು ಮಾರ್ಕರ್: ಬಿಳಿ ಹಾಳೆಯ ಕಟ್ಟಿನ ಅಂಚಿನ ಮೇಲೆ ಒಂದೇ ಗೆರೆ ಎಳೆದರೆ ಪ್ರತಿ ಹಾಳೆಯ ಅಂಚಿನಲ್ಲೂ ಒಂದು ಚುಕ್ಕೆ. ಕಟ್ಟನ್ನು ತೀರಾ ಬಿಗಿ ಹಿಡಿದರೆ ಮಸಿ ಒಳಗಿಳಿಯುವುದಿಲ್ಲ, ಸ್ವಲ್ಪ ಸಡಿಲವಿರಲಿ. ನೀರು ಮಸಿಯ ಸ್ಕೆಚ್ ಪೆನ್ ಬೇಡ. ಯಾವ ದಿನ ಯಾವ ಬಣ್ಣ, ಯಾವ ಅಂಚು ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ; ಬೆಳಿಗ್ಗೆ ಕಟ್ಟು ಕೊಡುವಾಗ ಕಿವಿಯಲ್ಲಿ ಹೇಳುತ್ತೇನೆ.

ಜೀವಶಾಸ್ತ್ರಕ್ಕೆ ಹಾಳೆ ಹೆಚ್ಚೂಕಡಿಮೆ ಖಾಲಿಯೇ ವಾಪಸು ಬರುತ್ತದೆ. ಗಣಿತಕ್ಕೆ ಅರ್ಧ ಸಾಲದು. ಎರಡನೆಯದು ಕೇಳಿದರೆ ಮೊದಲನೆಯದನ್ನು ಕಸಿದುಕೊಳ್ಳಬೇಡಿ, ಅದರಲ್ಲಿ ಅರ್ಧ ಲೆಕ್ಕ ಇರುತ್ತದೆ. ಅದೇ ಸೀಟು ಸಂಖ್ಯೆ ಬರೆದು ಪಕ್ಕದಲ್ಲಿ 2 ಹಾಕಿ ಕೊಡಿ, ನಿಮ್ಮ ಪಟ್ಟಿಯಲ್ಲೂ ಗುರುತಿಸಿಕೊಳ್ಳಿ.

ನಿಲ್ಲುವುದು ಹಿಂದಿನ ಗೋಡೆಯ ಬಳಿ. ನೀವು ಯಾರನ್ನು ನೋಡುತ್ತಿದ್ದೀರಿ ಎಂದು ಮಕ್ಕಳಿಗೆ ತಿಳಿಯಬಾರದು. ಮೊಬೈಲು ಆಫೀಸಿನಲ್ಲಿ. ಬಾಗಿಲಲ್ಲಿ ಪಕ್ಕದ ಕೊಠಡಿಯವರ ಜೊತೆ ಹರಟೆ ಬೇಡ. ಕೊನೆಯ ಬೆಂಚಿಗೆ ಬೇಕಾದ್ದು ಆ ಎರಡು ನಿಮಿಷವೇ. ಅಚ್ಚಿನ ತಪ್ಪು ಕೇಳಿದರೆ ನೀವೇ ತಿದ್ದಬೇಡಿ, ಪ್ರಶ್ನೆ ಸಂಖ್ಯೆ ಮತ್ತು ವರ್ಷನ್ ಚೀಟಿಯಲ್ಲಿ ಬರೆದು ಆಫೀಸಿಗೆ ಕಳಿಸಿ. ಎ ವರ್ಷನ್‌ನ 14 ಬಿ ವರ್ಷನ್‌ನಲ್ಲಿ ಬೇರೆ ಪ್ರಶ್ನೆ.

ಗಂಟೆ ಹೊಡೆದ ಮೇಲೆ ಮೊದಲು ಓಎಂಆರ್, ಆಮೇಲೆ ರಫ್ ಹಾಳೆ, ಎರಡೂ ಸೀಟು ಕ್ರಮದಲ್ಲೇ. ಎಣಿಕೆ ಮುಗಿಯುವವರೆಗೆ ಯಾರೂ ಏಳಬಾರದು. 24ಕ್ಕೆ ಒಂದು ಕಡಿಮೆ ಬಂದರೆ ಯಾವ ಸಂಖ್ಯೆ ಇಲ್ಲವೋ ಆ ಡೆಸ್ಕಿನ ಕೆಳಗೆ ಮೊದಲು ನೋಡಿ. ಬಹಳ ಸಲ ಫ್ಯಾನ್ ಗಾಳಿಗೆ ಅಲ್ಲೇ ಬಿದ್ದಿರುತ್ತದೆ.