ಕೆಂಪು ಕಪ್ಪಿನ ತಮ್ಮ

ಸಕಲೇಶಪುರದ ಕಡೆಯ ಒಂದು ಸಣ್ಣ ಊರಿನಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ನಾಟಕ, ಜಾತ್ರೆ, ರಾಜ್ಯೋತ್ಸವದ ವಾಲ್‌ಪೋಸ್ಟರು, ಎಲ್ಲಾ ಮಾಡುತ್ತೇನೆ. ಹದಿನೈದು ವರ್ಷ ಬಣ್ಣ ಹಾಕುತ್ತಾ ಬಂದವನಿಗೆ ಬಣ್ಣದ ಪಾಠ ಹೇಳಿಕೊಟ್ಟವರು ಬಣ್ಣವೇ ಸರಿಯಾಗಿ ಕಾಣದ ಒಬ್ಬ ರಿಟೈರ್ಡ್ ಮೇಷ್ಟ್ರು.

ಅದು ನವೆಂಬರ್ 1ರ ಪೋಸ್ಟರು. ಮೇಲೆ ಅರ್ಧ ಹಳದಿ, ಅದರ ಮೇಲೆ ಕೆಂಪು ಅಕ್ಷರದಲ್ಲಿ ಕಾರ್ಯಕ್ರಮದ ಹೆಸರು. ಕೆಳಗೆ ಒಂದು ಹಸಿರು ಪಟ್ಟಿ, ಅದರ ಮೇಲೆ ಕೆಂಪಿನಲ್ಲಿ ಸ್ಥಳ ಮತ್ತು ಸಮಯ. ಕಂಪ್ಯೂಟರ್ ಮೇಲೆ ಕಣ್ಣು ಕುಕ್ಕುವ ಹಾಗಿತ್ತು. ಸಂಘದವರಿಗೂ ಖುಷಿಯಾಯಿತು. ಮಾರನೇ ದಿನ ಮೇಷ್ಟ್ರು ಅಂಗಡಿಗೆ ಬಂದರು.

‘ಎಲ್ಲಾ ಬರೆದಿದ್ದೀಯ, ಎಲ್ಲಿ ಅಂತಾನೇ ಬರೆದಿಲ್ವಲ್ಲೋ?’

ನಾನು ಗೋಡೆಯ ಮೇಲಿನ ಪೋಸ್ಟರಿನ ಹತ್ತಿರ ಹೋಗಿ ಪಟ್ಟಿಯ ಮೇಲೆ ಬೆರಳಿಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. ‘ಓ, ಇಲ್ಲಿ ಅಕ್ಷರ ಇದೆಯಾ? ನನಗೆ ಕೆಸರಿನ ಮೇಲೆ ಕೆಸರು ಮೆತ್ತಿದ ಹಾಗೆ ಕಾಣ್ತು ಕಣಯ್ಯ.’

ಆಮೇಲೆ ಕಾಫಿ ಕುಡಿಯುತ್ತಾ ಹೇಳಿದರು. ಚಿಕ್ಕವರಿದ್ದಾಗ ತೋಟದಲ್ಲಿ ಕಾಫಿ ಹಣ್ಣು ಬಿಡಿಸಲು ಹೋದರೆ ಬುಟ್ಟಿಯಲ್ಲಿ ಅರ್ಧಕ್ಕರ್ಧ ಕಾಯಿ. ಅಪ್ಪನಿಂದ ಬೈಗುಳ. ಹಣ್ಣಾಗಿದೆಯೋ ಇಲ್ಲವೋ ಅಂತ ಅವರು ಹಿಸುಕಿ ನೋಡಿಯೇ ತಿಳಿಯಬೇಕಿತ್ತಂತೆ. ಗಿಡದ ತುಂಬಾ ದಾಸವಾಳ ಬಿಟ್ಟಿದ್ದರೂ ದೂರದಿಂದ ಬರೀ ಗಿಡವೇ ಕಾಣುತ್ತದಂತೆ. ಅವರ ತಾಯಿಯ ತಂದೆಗೂ ಹಾಗೇ ಇತ್ತು. ಈ ತೊಂದರೆ ಹೆಚ್ಚಾಗಿ ಬರುವುದು ಹಾಗೆಯೇ, ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ.

ಅವರು ಹೋದ ಮೇಲೆ ಆ ಎರಡು ಬಣ್ಣಗಳ ಲೆಕ್ಕ ಹಾಕಿದೆ. ಅಕ್ಷರ ಮತ್ತು ಹಿನ್ನೆಲೆಯ ನಡುವೆ ಹೊಳಪಿನ ಅಂತರ ಎಷ್ಟಿದೆ ಅಂತ ಅಳೆಯುವ ಒಂದು ಸೂತ್ರ ಇದೆ. ವೆಬ್‌ಸೈಟ್ ಮಾಡುವವರು ದಿನವೂ ಬಳಸುವುದು:

```
(L1 + 0.05) / (L2 + 0.05)
```

L1 ಅಂದರೆ ತಿಳಿ ಬಣ್ಣದ ಹೊಳಪು, L2 ಗಾಢ ಬಣ್ಣದ್ದು. ಬಿಳಿಯ ಹೊಳಪು 1, ಕಪ್ಪಿನದು 0. ಹಾಗಾಗಿ ಬಿಳಿ ಮೇಲೆ ಕಪ್ಪು ಅಂದರೆ 21, ಅದೇ ಗರಿಷ್ಠ. ಸಣ್ಣ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3 ಬೇಕು ಅನ್ನುವುದು ರೂಢಿಯ ನಿಯಮ. ಕೈಯಲ್ಲಿ ಲೆಕ್ಕ ಹಾಕಬೇಕಿಲ್ಲ. ಬಣ್ಣದ ಎರಡು ನಂಬರ್ ಕೊಟ್ಟರೆ ಉತ್ತರ ಹೇಳುವ ಪುಟಗಳು ನೆಟ್‌ನಲ್ಲಿ ಬೇಕಾದಷ್ಟಿವೆ.

ನನ್ನ ಕೆಂಪು `#FF0000`, ಹಸಿರು `#008000`. ಉತ್ತರ ಬಂದದ್ದು 1.28. ಅಂದರೆ ಎರಡರ ಹೊಳಪೂ ಹೆಚ್ಚುಕಡಿಮೆ ಒಂದೇ. ನನಗೆ ಆ ಅಕ್ಷರ ಕಾಣುತ್ತಿದ್ದದ್ದು ಬಣ್ಣ ಬೇರೆ ಅನ್ನುವ ಒಂದೇ ಕಾರಣಕ್ಕೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿಗೆ ಆ ಕಾರಣವೂ ಇಲ್ಲ. ಇಬ್ಬರಿಗೂ ಸಮವಾಗಿ ಸಿಗುವುದು ಹೊಳಪು, ಬಣ್ಣ ಅಲ್ಲ.

ಆ ಪಟ್ಟಿಯನ್ನು ಸರಿ ಮಾಡುವುದು ಕಷ್ಟವಾಗಲಿಲ್ಲ. ಸಂಘದವರಿಗೆ ಹಸಿರು ಬೇಕೇ ಬೇಕು ಅಂತಿತ್ತು. ಇರಲಿ ಅಂತ ಹಸಿರನ್ನು `#006400`ಕ್ಕೆ ಇಳಿಸಿ ಅಕ್ಷರವನ್ನು ಬಿಳಿ ಮಾಡಿದೆ. 1.28 ಇದ್ದದ್ದು 7.4 ಆಯಿತು. ಮೇಲಿನ ಹಳದಿ ಮೇಲಿನ ಕೆಂಪೂ ಬರೀ 3.7 ಇತ್ತು. ಕೆಂಪನ್ನು `#B00000` ಮಾಡಿದ್ದೇ ತಡ, 6.9ಕ್ಕೆ ಹೋಯಿತು. ದೂರದಿಂದ ನೋಡಿದರೆ ಆಗಲೂ ನಮ್ಮ ಬಾವುಟದ ಕೆಂಪೇ. ಸ್ವಲ್ಪ ಕುಂಕುಮದ ಕಡೆಗೆ ವಾಲಿದೆ ಅಷ್ಟೆ.

ಇಷ್ಟಾದ ಮೇಲೆ ನನಗೆ ಎಲ್ಲಾ ಗೊತ್ತಾಯಿತು ಅಂದುಕೊಂಡೆ. ಗೊತ್ತಾಗಿದ್ದದ್ದು ಅರ್ಧ ಮಾತ್ರ.

ಮೂರು ತಿಂಗಳ ನಂತರ ಒಂದು ಹವ್ಯಾಸಿ ತಂಡದವರು ನಾಟಕದ ಪೋಸ್ಟರಿಗೆ ಬಂದರು. ಕಥೆಯಲ್ಲಿ ಕೊಲೆ ಇದೆ, ಹಾಗಾಗಿ ಕಪ್ಪು ಹಿನ್ನೆಲೆ ಮೇಲೆ ರಕ್ತದ ಬಣ್ಣದಲ್ಲಿ ಹೆಸರು ಬೇಕು ಅಂದರು. ಕೆಂಪು `#FF0000`, ಹಿನ್ನೆಲೆ ಪೂರ್ತಿ ಕಪ್ಪು. ಈ ಸಲ ಮೊದಲೇ ಲೆಕ್ಕ ನೋಡಿದೆ. 5.25. ಪಾಸು. ಸಾಲದು ಅಂತ ಚಿತ್ರವನ್ನು ಕಪ್ಪು ಬಿಳುಪು ಮಾಡಿಯೂ ನೋಡಿದೆ. ಕಪ್ಪಿನ ಮೇಲೆ ಬೂದು ಅಕ್ಷರ ಚೆನ್ನಾಗಿಯೇ ಓದಲು ಬರುತ್ತಿತ್ತು. ಧೈರ್ಯವಾಗಿ ಪ್ರೂಫ್ ತೆಗೆದು ಮೇಷ್ಟ್ರ ಮುಂದೆ ಹಿಡಿದೆ.

‘ಕೆಳಗೆ ಟಿಕೆಟ್ ದರ ಕಾಣ್ತಿದೆ. ನಾಟಕದ ಹೆಸರು ಇನ್ನೂ ಇಟ್ಟಿಲ್ವಾ?’

ಟಿಕೆಟ್ ದರ ಬಿಳಿಯಲ್ಲಿತ್ತು. ಹೆಸರು ಅದರ ನಾಲ್ಕು ಪಟ್ಟು ದೊಡ್ಡದಾಗಿ, ಕೆಂಪಿನಲ್ಲಿ. ತೋರಿಸಿದ ಮೇಲೆ ‘ಹೂಂ, ಏನೋ ಇದೆ’ ಅಂದರು.

ಲೆಕ್ಕ ಎಲ್ಲಿ ತಪ್ಪಿತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ತಪ್ಪಿದ್ದು ಲೆಕ್ಕ ಅಲ್ಲ. ಹೊಳಪು ಅಳೆಯುವ ಆ ಸೂತ್ರ ಸಾಮಾನ್ಯ ಕಣ್ಣನ್ನು ಇಟ್ಟುಕೊಂಡು ಮಾಡಿದ್ದು. ಅದರಲ್ಲಿ ಒಟ್ಟು ಹೊಳಪಿನ ನೂರರಲ್ಲಿ 21 ಪಾಲು ಕೆಂಪಿಗೆ, 72 ಹಸಿರಿಗೆ, 7 ನೀಲಿಗೆ. ಕೆಂಪು ಹಸಿರು ಗೊಂದಲ ಇರುವವರಲ್ಲಿ ಎರಡು ಬಗೆ ಇದ್ದಾರೆ. ಹಸಿರಿನ ಕಡೆ ತೊಂದರೆ ಇರುವ ಡ್ಯೂಟಾನ್‌ನವರೇ ಜಾಸ್ತಿ. ಅವರಿಗೆ ಕೆಂಪು ಬೇರೆ ಬಣ್ಣವಾಗಿ ಕಂಡರೂ ಅಷ್ಟೊಂದು ಮಂಕಾಗುವುದಿಲ್ಲ. ಇನ್ನೊಂದು ಪ್ರೋಟಾನ್. ಇವರಲ್ಲಿ ಕೆಂಪನ್ನು ಹಿಡಿಯುವ ಕೋಶವೇ ಇಲ್ಲ, ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಇವರಿಗೆ ಕೆಂಪು ಬರೀ ಬಣ್ಣ ಕಳೆದುಕೊಳ್ಳುವುದಿಲ್ಲ, ಬೆಳಕನ್ನೂ ಕಳೆದುಕೊಳ್ಳುತ್ತದೆ. ಮೇಷ್ಟ್ರು ಈ ಬಗೆಯವರು. ಪ್ರೋಟಾನ್ ಕಣ್ಣಿನ ಲೆಕ್ಕದಲ್ಲಿ ನನ್ನ 5.25 ಸುಮಾರು 3ಕ್ಕೆ ಇಳಿಯುತ್ತದೆ. ಅದೂ ಸ್ಕ್ರೀನ್ ಮೇಲೆ. ಕಾಗದದ ಮೇಲೆ ಕೆಂಪು ಇನ್ನೂ ಮಂದ, ಸಂಜೆ ಬೆಳಕಿನಲ್ಲಿ ಕೇಳುವುದೇ ಬೇಡ. ಕಪ್ಪು ಬಿಳುಪು ಪರೀಕ್ಷೆಯೂ ಮೋಸ ಮಾಡಿದ್ದು ಇದೇ ಕಾರಣಕ್ಕೆ. ಅದೂ ಸಾಮಾನ್ಯ ಕಣ್ಣಿನ ಹೊಳಪನ್ನೇ ತೋರಿಸುವುದು.

ಅವತ್ತಿನಿಂದ ನನ್ನ ಹತ್ತಿರ ಒಂದೇ ಲೆಕ್ಕ. ಕೆಂಪು ಕಪ್ಪಿನ ತಮ್ಮ. ಅಣ್ಣ ತಮ್ಮನನ್ನು ಒಬ್ಬರ ಮೇಲೊಬ್ಬರು ಕೂರಿಸಬಾರದು. ಕೆಂಪು ಅಕ್ಷರ ಹಾಕುವುದಾದರೆ ಬಿಳಿ, ಹಳದಿ, ಕೆನೆ ಬಣ್ಣದ ಮೇಲೆ ಮಾತ್ರ. ಅಲ್ಲಿ ಪ್ರೋಟಾನ್‌ನವರಿಗೆ ಕೆಂಪು ಮಂಕಾದಷ್ಟೂ ಒಳ್ಳೆಯದೇ, ಕಪ್ಪು ಅಕ್ಷರದ ಹಾಗೆ ಎದ್ದು ಕಾಣುತ್ತದೆ. ಹಳದಿ ಕೆಂಪಿನ ನಮ್ಮ ಬಾವುಟ ಮೇಷ್ಟ್ರಿಗೆ ನನಗಿಂತ ಸ್ಪಷ್ಟವಾಗಿ ಎರಡು ಪಟ್ಟಿಯಾಗಿ ಕಾಣುತ್ತದೆ ಅಂದರೆ ನಂಬುತ್ತೀರಾ? ಒಂದು ಪಟ್ಟಿ ಹಳದಿ, ಇನ್ನೊಂದು ಗಾಢ ಕಂದು.

ನಾಟಕದ ತಂಡಕ್ಕೆ ಕಪ್ಪು ಬಿಡಲು ಮನಸ್ಸಿರಲಿಲ್ಲ. ಮೊದಲು ಕೆಂಪು ಅಕ್ಷರಕ್ಕೆ ಬಿಳಿ ಔಟ್‌ಲೈನ್ ಕೊಟ್ಟು ನೋಡಿದೆ. ಇಂಗ್ಲಿಷ್ ಅಕ್ಷರಕ್ಕೆ ಅದು ನಡೆಯುತ್ತದೆ, ಕನ್ನಡಕ್ಕೆ ಸ್ವಲ್ಪ ಹುಷಾರಾಗಿರಬೇಕು. ಔಟ್‌ಲೈನ್ ಅಕ್ಷರದ ಒಳಗೂ ಹೊರಗೂ ಅರ್ಧರ್ಧ ದಪ್ಪವಾಗುತ್ತದೆ. ಕೊಂಬು, ಒತ್ತಕ್ಷರ, ಸೊನ್ನೆಯ ಗೆರೆಗಳು ಮೊದಲೇ ಸಣ್ಣ, ಅರ್ಧವನ್ನು ಬಿಳಿ ತಿಂದುಬಿಡುತ್ತದೆ. ಕೋರೆಲ್‌ಡ್ರಾದಲ್ಲಿ ಔಟ್‌ಲೈನ್ ಪೆನ್ ಒಳಗೆ `Behind fill` ಅಂತ ಇದೆ. ಅದನ್ನು ಟಿಕ್ ಮಾಡಿದರೆ ಬಿಳಿ ಅಕ್ಷರದ ಹಿಂದೆ ಹೋಗುತ್ತದೆ, ಗೆರೆ ಉಳಿಯುತ್ತದೆ. ಆದರೂ ಸೊನ್ನೆಯ ನಡುವಿನ ತೂತು, ಒತ್ತುಗಳ ಸಂದು ಮುಚ್ಚಿಕೊಳ್ಳಬಹುದು. ಹೆಸರಿನಂಥ ದಪ್ಪ ಅಕ್ಷರಕ್ಕೆ ಸರಿ, ಸಣ್ಣ ಸಾಲಿಗೆ ಬೇಡ.

ಕೊನೆಗೆ ಔಟ್‌ಲೈನ್ ಬಿಟ್ಟು ಕೆಂಪನ್ನೇ ಕಿತ್ತಳೆಯ ಕಡೆಗೆ ಎಳೆದೆ, `#FF8C00`. ಅದರಲ್ಲಿ ಹಸಿರಿನ ಪಾಲು ಸೇರುವುದರಿಂದ ಹೊಳಪು ಪ್ರೋಟಾನ್ ಕಣ್ಣಿಗೂ ಉಳಿಯುತ್ತದೆ. ಕಪ್ಪಿನ ಮೇಲೆ ನಮಗೆ 9, ಅವರಿಗೂ 7ರ ಮೇಲೆ. ‘ರಕ್ತ ಹೋಗಿ ಬೆಂಕಿ ಆಯ್ತಲ್ಲ’ ಅಂದರು ತಂಡದವರು. ಮೂಲೆಯಲ್ಲಿದ್ದ ಚಾಕುವಿನ ಚಿತ್ರದ ತುದಿಗೆ ನಾಲ್ಕು ಹನಿ ಕೆಂಪು ಬಿಟ್ಟುಕೊಟ್ಟೆ. ಓದಬೇಕಾದದ್ದು ಅಲ್ಲಿ ಏನೂ ಇರಲಿಲ್ಲ.

ಈಗ ಪ್ರತಿ ಪೋಸ್ಟರಿಗೂ ಮೇಷ್ಟ್ರನ್ನು ಕರೆಯಲು ಆಗುವುದಿಲ್ಲ. ಅವರಿಗೂ ಬೇರೆ ಕೆಲಸ ಇರುತ್ತೆ, ಅಲ್ವಾ? ಫೋಟೋಶಾಪ್ ಇದ್ದರೆ `View > Proof Setup` ಒಳಗೆ `Color Blindness` ಅಂತ ಎರಡು ಸಾಲು ಇವೆ, ಒಂದು ಪ್ರೋಟಾನ್, ಒಂದು ಡ್ಯೂಟಾನ್. ದುಡ್ಡು ಕೊಡದೆ ಸಿಗುವ ಗಿಂಪ್‌ನಲ್ಲೂ `View > Display Filters` ಒಳಗೆ `Color Deficient Vision` ಇದೆ. ಕೋರೆಲ್‌ಡ್ರಾದಲ್ಲಿ ಮಾಡಿದ್ದನ್ನು ಜೆಪೆಗ್ ತೆಗೆದು ಅಲ್ಲಿ ತೆರೆಯುತ್ತೇನೆ. ಎರಡೂ ಬಗೆಯಲ್ಲಿ ನೋಡಬೇಕು. ಡ್ಯೂಟಾನ್ ಒಂದನ್ನೇ ನೋಡಿದರೆ ನನ್ನ ಕಪ್ಪು ಕೆಂಪು ಪೋಸ್ಟರು ಆಗಲೂ ಪಾಸಾಗುತ್ತಿತ್ತು. ಇವು ತೋರಿಸುವುದು ಆ ಕೋಶ ಪೂರ್ತಿ ಇಲ್ಲದವರ ನೋಟ. ತುಂಬಾ ಜನರಿಗೆ ಅಷ್ಟು ತೀವ್ರವಾಗಿ ಇರುವುದಿಲ್ಲ. ಆದ್ದರಿಂದ ಇಲ್ಲಿ ಓದಲು ಬಂದದ್ದು ಅವರಿಗೂ ಬರುತ್ತದೆ ಅಂತ ಇಟ್ಟುಕೊಂಡಿದ್ದೇನೆ.

ಸ್ಕ್ರೀನ್ ಹೇಳದ ಸಂಗತಿ ಒಂದಿದೆ, ಬಿಸಿಲು. ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಸಾಮಾನ್ಯವಾಗಿ ಹಳದಿ ಮತ್ತು ಮೆಜೆಂಟಾ ಶಾಯಿ ಮೊದಲು ಮಾಸುತ್ತವೆ. ನಮ್ಮ ಕೆಂಪು ಆಗುವುದೇ ಆ ಎರಡು ಶಾಯಿ ಸೇರಿ. ಹಳದಿ ಮೇಲೆ ಚೆಂದಾಗಿ ನಿಂತಿದ್ದ ಕೆಂಪು ಕೆಲವು ವಾರದಲ್ಲಿ ತೆಳುವಾಗಿ, 6.9 ಅನ್ನುವ ನನ್ನ ಹೆಮ್ಮೆಯ ಅಂಕಿಯೂ ಅದರ ಜೊತೆ ಇಳಿಯುತ್ತದೆ. ಕಪ್ಪು ಶಾಯಿ ಗಟ್ಟಿ. ಅದಕ್ಕೇ ತುಂಬಾ ದಿನ ಗೋಡೆ ಮೇಲೆ ಇರಬೇಕಾದ ಪೋಸ್ಟರಿನಲ್ಲಿ ದಿನ, ಸಮಯ, ಸ್ಥಳ ಈ ಮೂರನ್ನು ಬಿಳಿ ಅಥವಾ ಹಳದಿ ಮೇಲೆ ಕಪ್ಪಿನಲ್ಲೇ ಹಾಕುತ್ತೇನೆ. ಕೆಂಪು ಬೇಕು ಅಂದವರಿಗೆ ತಲೆಬರಹ ಇದ್ದೇ ಇದೆ. ಪ್ರೂಫನ್ನು ಎದುರಿನ ಕಿರಾಣಿ ಅಂಗಡಿ ಗೋಡೆಗೆ ಅಂಟಿಸಿ, ಸಂಜೆ ಆರರ ಹೊತ್ತಿಗೆ ರಸ್ತೆಯ ಈಚೆ ನಿಂತು ಓದಿ ನೋಡುವುದೂ ಅಭ್ಯಾಸವಾಗಿದೆ.

ಆ ನಾಟಕದ ದಿನ ಮೇಷ್ಟ್ರು ಬಂದಿದ್ದರು. ಬಾಗಿಲ ಹತ್ತಿರದ ಪೋಸ್ಟರಿನ ಮುಂದೆ ನಿಂತು ಹೆಸರು, ಸಮಯ, ದರ ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಆಮೇಲೆ ಚಾಕುವಿನ ಕಡೆ ಕೈ ತೋರಿಸಿ ಕೇಳಿದರು, ‘ಇದರ ತುದಿ ಯಾಕೋ ಮುರಿದ ಹಾಗಿದೆಯಲ್ಲೋ?’